ಗೃಹಪಾಠದಲ್ಲಿ ಯಂತ್ರರಚಿತ ಚಿತ್ರ: ಉಪಾಧ್ಯಾಯರ ಕೆಲವು ಪ್ರಶ್ನೆಗಳು

ಅಬ್ಬಿಗೆರೆಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಉಪಾಧ್ಯಾಯರು ‘ನಮ್ಮ ನೆರೆಯ ಶಾಸನ’ ಎಂಬ ವಿಷಯವಾಗಿ ಚಿತ್ರಸಹಿತವಾದ ಗೃಹಪಾಠವನ್ನು ಕೊಟ್ಟರೆಂದು ಭಾವಿಸೋಣ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಅಲ್ಲಿಗೆ ದೂರದ್ದೇನಲ್ಲ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ಬೆಳಕಿಗೆ ಬಂದಿತು. ಒಬ್ಬ ವಿದ್ಯಾರ್ಥಿಯು ಸ್ಥಳಕ್ಕೆ ಹೋಗದೆ, ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಮಾತಿನ ಸೂಚನೆಯನ್ನಿತ್ತು, ಹೊರಬಂದ ಚಿತ್ರವನ್ನು ಅಂಟಿಸಿ, ಕೆಳಗೆ ‘ಹೆಬ್ಬಾಳದ ವೀರಗಲ್ಲು’ ಎಂದು ಬರೆದು ತರುತ್ತಾನೆ. ಇಂತಹ ಸಂದರ್ಭದಲ್ಲಿ ಉಪಾಧ್ಯಾಯರಿಗೆ ಸಹಜವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಪ್ರಶ್ನೆ: ಇದು ಯಂತ್ರ ರಚಿಸಿದ ಚಿತ್ರವೆಂದು ವಿದ್ಯಾರ್ಥಿಯು ತಿಳಿಸಲೇಬೇಕೆ?

ಉತ್ತರ: ತಿಳಿಸಲೇಬೇಕು. ಪುಟದ ಅಂಚಿನ ಹೂಬಳ್ಳಿಯನ್ನು ಯಂತ್ರವೇ ಬಿಡಿಸಿದ್ದರೆ ಅದರಿಂದ ಯಾರಿಗೂ ಹಾನಿಯಿಲ್ಲ. ಅದು ಯಾವ ಸಂಗತಿಯನ್ನೂ ಸಾರುವುದಿಲ್ಲ. ವೀರಗಲ್ಲಿನ ಚಿತ್ರವಾದರೋ ‘ಕಲ್ಲು ಹೀಗಿದೆ’ ಎಂದು ಸಾಕ್ಷಿ ನುಡಿಯುತ್ತದೆ. ಯಂತ್ರವು ಆ ಕಲ್ಲನ್ನು ಕಂಡು ಚಿತ್ರಿಸಿದುದಲ್ಲ. ಅಸಂಖ್ಯ ಚಿತ್ರಗಳಿಂದ ಕಲಿತ ಹೋಲಿಕೆಗಳ ಆಧಾರದ ಮೇಲೆ ‘ವೀರಗಲ್ಲು ಎಂದರೆ ಹೀಗಿರಬಹುದು’ ಎಂಬ ಊಹೆಯನ್ನು ಅದು ಮೂಡಿಸುತ್ತದೆ. ಊಹೆಯನ್ನು ಸಾಕ್ಷಿಯ ಸ್ಥಾನದಲ್ಲಿ ಕೂರಿಸುವುದೇ ಇಲ್ಲಿಯ ದೋಷ, ಯಂತ್ರವನ್ನು ಬಳಸಿದುದಲ್ಲ.

ಪ್ರಶ್ನೆ: ಕಾನೂನು ಏನೆನ್ನುತ್ತದೆ?

ಉತ್ತರ: ಕೇಂದ್ರ ಸರ್ಕಾರವು 2026ರ ಫೆಬ್ರವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಂದ ತಿದ್ದುಪಡಿಯು, ನಿಜವೆಂದು ತೋರುವ ಕೃತಕ ಚಿತ್ರಗಳಿಗೆ ಗುರುತು ಹಾಕುವ ಹೊಣೆಯನ್ನು ಮುಖ್ಯವಾಗಿ ಅಂತರ್ಜಾಲ ಸೇವೆಗಳನ್ನು ನಡೆಸುವವರ ಮೇಲೆ ಹೊರಿಸಿದೆ. ಅದು ಗೃಹಪಾಠದ ಪುಸ್ತಕವನ್ನು ಕುರಿತದ್ದಲ್ಲ. ಆದ್ದರಿಂದ ತರಗತಿಯ ನಿಯಮವನ್ನು ಶಾಲೆಯೇ ರೂಪಿಸಿಕೊಳ್ಳಬೇಕು. ಇದಕ್ಕೆ ಮಾದರಿ ಇಲ್ಲದಿಲ್ಲ. ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಎಂಬ ಪರೀಕ್ಷಾ ಸಂಸ್ಥೆಯು 2023ರಲ್ಲಿ ಇಂತಹ ತಂತ್ರಾಂಶಗಳನ್ನು ನಿಷೇಧಿಸದೆ, ಅವುಗಳಿಂದ ಪಡೆದ ಬರಹಕ್ಕಾಗಲಿ ಚಿತ್ರಕ್ಕಾಗಲಿ ಇತರ ಆಕರಗಳಂತೆಯೇ ಋಣ ಸೂಚಿಸಬೇಕೆಂಬ ನಿಲುವನ್ನು ತಳೆಯಿತು.

ಪ್ರಶ್ನೆ: ಎಷ್ಟನ್ನು ಬರೆಸಬೇಕು?

ಉತ್ತರ: ಚಿತ್ರದ ಕೆಳಗೆ ಎರಡು ಸಾಲು ಸಾಕು. ತಂತ್ರಾಂಶದ ಹೆಸರು, ದಿನಾಂಕ, ಕೊಟ್ಟ ಸೂಚನೆಯ ಮಾತುಗಳು, ಅನಂತರ ಕೈಯಿಂದ ಏನನ್ನಾದರೂ ತಿದ್ದಿದ್ದರೆ ಅದು. ಮೇಲಿನ ಪ್ರಸಂಗದಲ್ಲಿ, ತಂತ್ರಾಂಶದ ಹೆಸರು ಮತ್ತು ದಿನಾಂಕದೊಡನೆ, ‘ಇದು ಕಲ್ಲಿನ ಛಾಯಾಚಿತ್ರವಲ್ಲ, “ಗಂಗರ ಕಾಲದ ವೀರಗಲ್ಲು, ಕೆಳಗೆ ಹಳಗನ್ನಡ ಬರಹ” ಎಂಬ ಸೂಚನೆಗೆ ಯಂತ್ರ ರಚಿಸಿದ ಕಲ್ಪನೆ. ಅಕ್ಷರಗಳು ನಿಜವಲ್ಲ’ ಎಂದಿದ್ದರೆ ಓದುವವರು ಮೋಸಹೋಗುವುದಿಲ್ಲ. ಬರಿದೆ ‘ಗೂಗಲ್‌ನಿಂದ’ ಎಂದು ಬರೆಯುವ ರೂಢಿಯಿದೆ. ಅದರಿಂದ ಚಿತ್ರವನ್ನು ಹುಡುಕಿ ತೆಗೆದರೋ, ಮಾಡಿಸಿದರೋ ತಿಳಿಯದು, ಅದನ್ನು ಒಪ್ಪಬಾರದು.

ಪ್ರಶ್ನೆ: ತಿಳಿಸದೆ ತಂದರೆ ಗುರುತಿಸುವುದು ಹೇಗೆ?

ಉತ್ತರ: ಶಾಸನದ ಚಿತ್ರದಲ್ಲಿ ಮೊದಲು ಅಕ್ಷರಗಳನ್ನು ನೋಡಬೇಕು. ಯಂತ್ರವು ಅನೇಕ ವೇಳೆ ಅಕ್ಷರಗಳಂತೆ ಕಾಣುವ, ಆದರೆ ಯಾವ ಲಿಪಿಗೂ ಸೇರದ ಗೀಟುಗಳನ್ನು ಸಾಲಾಗಿ ಕೊರೆದಿರುತ್ತದೆ; ಇಲ್ಲವೆ ಇಂದಿನ ಅಚ್ಚಿನ ಕನ್ನಡವನ್ನೇ ಕಲ್ಲಿನ ಮೇಲೆ ಇರಿಸಿರುತ್ತದೆ. ಎಂಟನೆಯ ಶತಮಾನದ ಲಿಪಿ ಇಂದಿನದಕ್ಕಿಂತ ಬೇರೆ. ಮುಂದೆ ನಿಜವಾದ ಕಲ್ಲಿನ ಚಿತ್ರದೊಡನೆ ಹೋಲಿಸಬೇಕು. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಮಿಥಿಕ್ ಸೊಸೈಟಿ ಕೈಗೊಂಡಿರುವುದರಿಂದ ಹೋಲಿಕೆಗೆ ಆಧಾರ ದೊರೆಯುತ್ತದೆ.

ಕೆಲವು ತಂತ್ರಾಂಶಗಳು ತಮ್ಮ ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತನ್ನು, ಇಲ್ಲವೆ ಕಡತದೊಡನೆ ಹುಟ್ಟಿನ ವಿವರವನ್ನು ಸೇರಿಸುತ್ತವೆ. ಆದರೆ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದಾಗ ಕಡತದ ವಿವರವು ಸಾಮಾನ್ಯವಾಗಿ ಕಳಚಿಹೋಗುತ್ತದೆ. ಮೂಲೆಯ ಅಂಗಡಿಯಲ್ಲಿ ಮುದ್ರಿಸಿ ಅಂಟಿಸಿದ ಹಾಳೆಯಲ್ಲಂತೂ ಅದು ಉಳಿಯುವ ಮಾತೇ ಇಲ್ಲ. ಶಾಲೆಗೆ ಬರುವುದು ಹೆಚ್ಚಾಗಿ ಆ ಹಾಳೆಯೇ.

ಪ್ರಶ್ನೆ: ಪತ್ತೆಹಚ್ಚುವ ತಂತ್ರಾಂಶದ ಮಾತನ್ನು ನಂಬಿ ಅಂಕ ಕಳೆಯಬಹುದೆ?

ಉತ್ತರ: ಕೂಡದು. ಅವು ಮಗುವು ಕೈಯಾರೆ ಬಿಡಿಸಿದ ಚಿತ್ರವನ್ನೂ ಯಂತ್ರದ್ದೆನ್ನುವುದುಂಟು, ಯಂತ್ರದ್ದನ್ನು ಬಿಟ್ಟುಬಿಡುವುದೂ ಉಂಟು. ನಿಷ್ಕಪಟಿಯಾದ ಮಗುವಿಗೆ ಸುಳ್ಳುಗಾರನೆಂಬ ಹೆಸರು ಅಂಟಿದರೆ ಅದನ್ನು ಕೀಳುವುದು ಅಂಕ ಮರಳಿಸಿದಷ್ಟು ಸುಲಭವಲ್ಲ. ಬದಲಾಗಿ ಅವನನ್ನು ಒಬ್ಬನನ್ನೇ ಕರೆದು, ಚಿತ್ರ ಎಲ್ಲಿಂದ ಬಂತು, ಯಾವ ಸೂಚನೆ ಕೊಟ್ಟೆ, ಮೊದಲ ಬಾರಿಗೆ ಏನು ಬಂತು ಎಂದು ಕೇಳಬೇಕು. ಅಕ್ಕನೋ ಅಪ್ಪನೋ ಮಾಡಿಕೊಟ್ಟಿದ್ದರೆ ಅದೂ ಆಗಲೇ ಹೊರಬರುತ್ತದೆ. ನಿಯಮವನ್ನು ಮೊದಲೇ ತಿಳಿಸಿರದಿದ್ದರೆ ಅಂಕ ಕಳೆಯುವುದು ಅನ್ಯಾಯ. ಅಡಿಬರಹವನ್ನು ಸೇರಿಸಿ ತರಲು ಹೇಳಿದರಾಯಿತು. ತಿಳಿಸಿದ ಮೇಲೂ ಮರೆಮಾಚಿದ್ದರೆ ಚಿತ್ರದ ಅಂಕವನ್ನಷ್ಟೇ ತಡೆದು, ಬರಹವನ್ನು ಬೇರೆಯಾಗಿ ತೂಗಬೇಕು; ಮತ್ತು ಹೆಬ್ಬಾಳಕ್ಕೆ ಹೋಗಿ ಕಲ್ಲನ್ನು ಕಂಡು ಪೆನ್ಸಿಲಿನಿಂದ ಬಿಡಿಸಿ ತರಲು ಒಂದು ವಾರ ಕಾಲಾವಕಾಶ ಕೊಡಬೇಕು.