ಬಳಸದ ವಾಟ್ಸಾಪ್ ಬ್ಯಾಕಪ್‌ಗೆ ಐದು ತಿಂಗಳ ಆಯಸ್ಸು

ದರಪಟ್ಟಿ, ಖರೀದಿ ಆದೇಶ, ಸರಕು ಕೈಸೇರಿದ ಒಪ್ಪಿಗೆ ಇವೆಲ್ಲ ಈಗ ವಾಟ್ಸಾಪ್‌ನಲ್ಲಿಯೇ ಉಳಿದಿರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಐದು ತಿಂಗಳಿಗೂ ಮೀರಿ ನವೀಕರಣಗೊಳ್ಳದಿದ್ದಲ್ಲಿ ಅದು ಗೂಗಲ್ ಖಾತೆಯಿಂದ ತಾನಾಗಿಯೇ ಅಳಿಸಿಹೋಗಬಹುದು. 2018ರಲ್ಲಿ ಈ ಗಡುವು ಒಂದು ವರ್ಷದ್ದಾಗಿತ್ತು.

ಉದಾಹರಣೆಗೆ, ಅಂಗಡಿಯ ಹಳೆಯ ಆರ್ಡರ್ ಫೋನನ್ನು ಜನವರಿ 10ರಂದು ಬ್ಯಾಕಪ್ ಮಾಡಿ ಮೇಜಿನೊಳಗಿಟ್ಟರೆನ್ನಿ. ಜೂನ್ 10 ಕಳೆದ ಮೇಲೆ, ವರ್ಷಾಂತ್ಯದ ಲೆಕ್ಕಕ್ಕೆ ಅದನ್ನು ನೆಚ್ಚುವಂತಿಲ್ಲ. ನಿತ್ಯ ಬಳಸುವ ಫೋನಿಗೂ ಈ ಅಪಾಯ ತಪ್ಪಿದ್ದಲ್ಲ. ಖಾತೆಯ ಉಚಿತ 15 ಜಿಬಿ ಸ್ಥಳ ತುಂಬಿದೊಡನೆ ಬ್ಯಾಕಪ್ ನಿಲ್ಲುತ್ತದೆ, ಸಂದೇಶಗಳು ಮಾತ್ರ ಎಂದಿನಂತೆ ಬರುತ್ತಿರುತ್ತವೆ. ಬಹುತೇಕರು ಎಡವುವುದು ಇಲ್ಲಿಯೇ.

ಪರಿಶೀಲನೆಗೆ ವಾಟ್ಸಾಪ್‌ನ Settings > Chats > Chat backup ತೆರೆದು, ಕೊನೆಯ ಬ್ಯಾಕಪ್‌ನ ದಿನಾಂಕವನ್ನೂ ಗೂಗಲ್ ಖಾತೆಯ ಹೆಸರನ್ನೂ ನೋಡತಕ್ಕದ್ದು. ಆ ದಿನಾಂಕಕ್ಕೆ ಐದು ತಿಂಗಳು ಕೂಡಿಸಿದರೆ ಗಡುವು ತಿಳಿಯುತ್ತದೆ. ಗೂಗಲ್ ಡ್ರೈವ್‌ನ Backups ವಿಭಾಗದಲ್ಲಿಯೂ ಅದು ಇದೆಯೇ ಎಂದು ಖಚಿತಪಡಿಸಿಕೊಳ್ಳಬಹುದು. ದಿನಾಂಕ ಹಳೆಯದಾಗಿದ್ದರೆ, ಖಾತೆಯಲ್ಲಿ ಸ್ಥಳ ತೆರವುಗೊಳಿಸಿ Back up ಒತ್ತಿದರೆ ಗಡುವು ಹೊಸದಾಗಿ ಆರಂಭವಾಗುತ್ತದೆ. ಮರಳಿ ಪಡೆಯಲು ಅದೇ ಮೊಬೈಲ್ ಸಂಖ್ಯೆ, ಅದೇ ಗೂಗಲ್ ಖಾತೆ ಬೇಕಾದುದರಿಂದ, ಕೆಲಸ ಬಿಟ್ಟ ಗುಮಾಸ್ತರ ಖಾತೆಗೆ ಜೋಡಿಸಿದ್ದರೆ ಈಗಲೇ ಬದಲಿಸಿಕೊಳ್ಳುವುದು ಲೇಸು.