ಯಾವ ಬಾಕಿ ಪಟ್ಟಿ, ಸಾರ್?

ಮೇಲಧಿಕಾರಿಯ ಸೂಚನೆ ಅಸ್ಪಷ್ಟವಾಗಿದ್ದಾಗ ಅದನ್ನು ಸ್ಪಷ್ಟಪಡಿಸಿಕೊಳ್ಳಲು ಒಂದು ಸರಳ ಕ್ರಮವಿದೆ. ಸೂಚನೆ ಪಡೆದವರು ತಮಗೆ ಏನು ಅರ್ಥವಾಯಿತು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ತಮ್ಮದೇ ಮಾತಿನಲ್ಲಿ ಹೇಳಬೇಕು, ಬಳಿಕ ಖಚಿತಪಡಿಸಿಕೊಳ್ಳಲು ಒಂದೇ ಒಂದು ಪ್ರಶ್ನೆ ಕೇಳಬೇಕು. ಆ ಒಂದು ಪ್ರಶ್ನೆಯನ್ನು ಆರಿಸುವುದೇ ಇದರಲ್ಲಿ ಕಷ್ಟದ ಕೆಲಸ.

ಕೊಳವೆಬಾವಿಯ ಪಂಪು, ಪೈಪುಗಳನ್ನು ಸಗಟಾಗಿ ಮಾರುವ ಒಂದು ಮಳಿಗೆಯನ್ನು ತೆಗೆದುಕೊಳ್ಳೋಣ. ತಿಂಗಳ ಕೊನೆಯಲ್ಲಿ ಮಾಲೀಕರು ಹೊರಗೆ ಹೊರಟವರು ಲೆಕ್ಕ ಬರೆಯುವ ಹುಡುಗಿಗೆ, “ಬಾಕಿ ಲಿಸ್ಟ್ ಒಂದು ತೆಗೆದಿಡಮ್ಮ, ನಾಳೆ ಬೇಕು” ಎನ್ನುತ್ತಾರೆ. ಟ್ಯಾಲಿಯಲ್ಲಿ ಬಾಕಿದಾರರ ಪಟ್ಟಿ ತೆಗೆಯುವುದಕ್ಕೆ ಎರಡು ನಿಮಿಷ ಸಾಕು. ಆದರೆ ಬೇಕಾಗಿರುವುದು ಯಾವ ಪಟ್ಟಿ? ಅದು ವಸೂಲಿಗಾದರೆ, ಗಡುವು ಮೀರಿದ ಹಳೆಯ ಬಿಲ್ಲುಗಳು ಮೇಲಿರಬೇಕು, ಊರುವಾರು ವಿಂಗಡಿಸಿರಬೇಕು, ಫೋನ್ ನಂಬರೂ ಇರಬೇಕು. ಮೊನ್ನೆ ತಾನೇ ಸಾಲದ ಮೇಲೆ ಸರಕು ಒಯ್ದವರ ಹೆಸರು ಅಲ್ಲಿ ಬೇಕಿಲ್ಲ. ಸಿ.ಸಿ. ಖಾತೆಗಾಗಿ ಬ್ಯಾಂಕಿಗೆ ಕೊಡುವ ತಿಂಗಳ ಪಟ್ಟಿಯಾದರೆ ಲೆಕ್ಕವೇ ತಿರುವುಮುರುವಾಗುತ್ತದೆ. ಸರಕು ಮತ್ತು ಬರಬೇಕಾದ ಬಾಕಿಯನ್ನು ನೋಡಿ ಬ್ಯಾಂಕು ಎಷ್ಟು ಹಣ ತೆಗೆಯಬಹುದೆಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಸಾಮಾನ್ಯವಾಗಿ 90 ದಿನ ದಾಟಿದ ಬಿಲ್ಲುಗಳನ್ನು ಬಿಟ್ಟುಬಿಡುತ್ತಾರೆ. ಒಂದು ಪಟ್ಟಿಯಲ್ಲಿ ಮೊದಲು ಬರಬೇಕಾದ ಹೆಸರುಗಳೇ ಇನ್ನೊಂದರ ಲೆಕ್ಕದಿಂದ ಹೊರಗುಳಿಯುತ್ತವೆ.

ಮಾಲೀಕರು ಇದನ್ನು ಬಿಡಿಸಿ ಹೇಳಲಿಲ್ಲವೇಕೆ? ಉದಾಸೀನವೇ ಕಾರಣವೆಂದು ಹೇಳಲಾಗದು. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ನಡೆಸಿದರು. ಕೆಲವರು ಪರಿಚಿತ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಹಾಡನ್ನು ಗುರುತಿಸಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ನಂಬಿದ್ದರು. ಕೇಳುಗರು ಗುರುತಿಸಿದ್ದು 120ರಲ್ಲಿ 3 ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ನಡೆಯುತ್ತಿತ್ತು, ಹೊರಗೆ ಬರುತ್ತಿದ್ದುದು ಟಕಟಕ ಸದ್ದಷ್ಟೆ. ಬೆಳಿಗ್ಗೆ ಬ್ಯಾಂಕಿನವರ ಜತೆ ಮಾತಾಡಿ ಬಂದ ಮಾಲೀಕರಿಗೂ ಹಾಗೆಯೇ: ‘ಬಾಕಿ ಲಿಸ್ಟ್’ ಎಂದಾಗ ಅವರ ಮನಸ್ಸಿನಲ್ಲಿ ಇರುವುದು ಒಂದೇ ಪಟ್ಟಿ, ಆದ್ದರಿಂದ ಹೇಳಿದ್ದು ಅರ್ಧ ಎಂದು ಅವರಿಗೆ ಅನಿಸುವುದೇ ಇಲ್ಲ.

ಇಂಥಲ್ಲಿ ಮೊದಲು ಗೊತ್ತಿಲ್ಲದ ಅಂಶಗಳನ್ನು ಎಣಿಸಿಕೊಳ್ಳಬೇಕು. ಯಾವ ತಾರೀಖಿನವರೆಗಿನ ಲೆಕ್ಕ, ಎಷ್ಟು ದಿನ ದಾಟಿದ ಬಿಲ್ಲು, ಯಾವ ನಮೂನೆ, ಯಾವ ಉದ್ದೇಶ? ಇವೆಲ್ಲವನ್ನೂ ಕೇಳುತ್ತ ಕೂತರೆ ಹೊರಟು ನಿಂತವರಿಗೆ ಸಿಡಿಮಿಡಿಯಾಗುವುದು ಸಹಜ. ಹಿಂದಿನ ತಿಂಗಳ ಕಡತ ನೋಡಿ ತುಂಬಿಕೊಳ್ಳಬಹುದಾದುದನ್ನು ಹಾಗೆಯೇ ತುಂಬಿಕೊಂಡು, ಅದನ್ನು ತನ್ನ ತಿಳಿವಳಿಕೆ ಎಂದು ಹೇಳಿಬಿಡಬೇಕು. ಯಾವುದು ತಪ್ಪಿದರೆ ಇಡೀ ಕೆಲಸ ದಂಡವಾಗುತ್ತದೋ ಅದನ್ನು ಮಾತ್ರ ಪ್ರಶ್ನೆಗೆ ಉಳಿಸಿಕೊಳ್ಳಬೇಕು. ಇಲ್ಲಿ ಅದು ಉದ್ದೇಶ:

“ಸಾರ್, ಈ ತಿಂಗಳ 31ರವರೆಗಿನ ಬಾಕಿಯನ್ನು ಬಿಲ್ಲುವಾರು ತೆಗೆದು, ನಾಳೆ ಹನ್ನೊಂದರೊಳಗೆ ಕೊಡ್ತೀನಿ. ಇದು ಬ್ಯಾಂಕಿಗೋ, ವಸೂಲಿಗೋ?”

“ಬ್ಯಾಂಕಿಗಮ್ಮ. ಹಾಂ, 31ರದ್ದು ಬೇಡ, ಅವರು 30ಕ್ಕೇ ಕೇಳಿದಾರೆ.”

ಕೇಳದೇ ಇದ್ದ ತಾರೀಖೂ ಇಲ್ಲಿ ತಿದ್ದುಪಡಿಯಾಯಿತು. ಹೇಳಿಕೆಯೊಳಗೆ ತಪ್ಪು ಕಣ್ಣಿಗೆ ಬಿದ್ದರೆ ಯಾರಾದರೂ ತಿದ್ದದೆ ಬಿಡುವುದಿಲ್ಲ. ಆದ್ದರಿಂದಲೇ ಹೇಳಿಕೆಯಲ್ಲಿ ತಾರೀಖು, ಗಂಟೆ, ನಮೂನೆಗಳು ಖಚಿತವಾಗಿರಬೇಕು. “ಆಯ್ತು ಸಾರ್, ಬಾಕಿ ಲಿಸ್ಟ್ ತೆಗೆದಿಡ್ತೀನಿ” ಎಂದು ಅವರ ಮಾತನ್ನೇ ಒಪ್ಪಿಸಿದರೆ ತಿದ್ದಲು ಅಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆಯ ರೂಪವೂ ಮುಖ್ಯ. “ಸರಿ ತಾನೆ ಸಾರ್?” ಎಂದರೆ ಮೊಬೈಲ್ ನೋಡುತ್ತಲೇ “ಹ್ಞೂಂ” ಎಂದುಬಿಡಬಹುದು; ಆ ಹ್ಞೂಂಕಾರವನ್ನು ಒಪ್ಪಿಗೆ ಎಂದು ನೆಚ್ಚುವಂತಿಲ್ಲ. “ಅದೋ, ಇದೋ” ಎಂದು ಕೇಳಿದರೆ ಒಂದನ್ನು ಆರಿಸಲೇಬೇಕು. ಉತ್ತರದಲ್ಲಿ ಆಯ್ಕೆಯೋ ತಿದ್ದುಪಡಿಯೋ ಬಂದಿದ್ದರೆ ಮಾತು ತಲುಪಿದೆ ಎಂದರ್ಥ. ಬರೀ “ಹ್ಞೂಂ” ಬಂದಿದ್ದರೆ ಅದೇ ಎರಡು ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿಡುವುದು ಒಳ್ಳೆಯದು.

ಈ ಕ್ರಮಕ್ಕೂ ಮಿತಿಯಿದೆ. ಏನು ಬೇಕೆಂದು ಮಾಲೀಕರೇ ಇನ್ನೂ ತೀರ್ಮಾನಿಸಿರದಿದ್ದರೆ, “ಮೊದಲು ತೆಗಿ, ನೋಡೋಣ” ಎಂಬ ಉತ್ತರ ಬರುತ್ತದೆ. ಆಗ ಪ್ರಶ್ನೆ ಮುಂದುವರಿಸಿ ಪ್ರಯೋಜನವಿಲ್ಲ. ಹತ್ತು ಹೆಸರುಗಳ ಒಂದು ಮಾದರಿ ಹಾಳೆಯನ್ನು ಮುಂದಿಟ್ಟರೆ, “ಈ ಕಾಲಂ ತೆಗಿ, ಬಿಲ್ ತಾರೀಖು ಹಾಕು” ಎಂದು ಅವರು ಅದರ ಮೇಲೆಯೇ ಬೆರಳಿಟ್ಟು ಹೇಳುತ್ತಾರೆ.