ಹಣ ಕಟ್ಟಿದ್ದೇನೆ, ಹಾಡು ಬಂದಿಲ್ಲ

ಮೂರು ತಿಂಗಳ ರೀಚಾರ್ಜ್ ಜೊತೆ ಜಾಹೀರಾತಿಲ್ಲದ ಹಾಡಿನ ಆ್ಯಪ್ ಕೂಡ ಉಚಿತ ಎಂದು ಓದಿ ನಾವು ಹೆಚ್ಚಿನ ಬೆಲೆಯ ಯೋಜನೆ ಆರಿಸಿಕೊಳ್ಳುತ್ತೇವೆ. ಕರೆ, ಡೇಟಾ ಎರಡೂ ಶುರುವಾಗುತ್ತವೆ. ಹಾಡಿನ ಆ್ಯಪ್ ಮಾತ್ರ ಎರಡು ಹಾಡಿಗೊಮ್ಮೆ ಜಾಹೀರಾತು ಹಾಕಿ, ಪ್ರೀಮಿಯಂ ಕೊಳ್ಳಿ ಎನ್ನುತ್ತಲೇ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಹಾಡಿನ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಆ ಕಂಪನಿಯವರು ನಿಮ್ಮ ಮೊಬೈಲ್ ಕಂಪನಿಯನ್ನೇ ಕೇಳಿ ಎನ್ನುತ್ತಾರೆ.

ಇದು ಎಲ್ಲಿ ಕೆಡುತ್ತದೆ? ನೀವು ಹಣ ಕಟ್ಟಿದಾಗ ಮೊಬೈಲ್ ಕಂಪನಿಯ ಬಿಲ್ಲಿಂಗ್ ವ್ಯವಸ್ಥೆಯು ಈ ನಂಬರಿಗೆ ಚಂದಾ ಕೊಡಿ ಎಂದು ಹಾಡಿನ ಕಂಪನಿಯ ಸರ್ವರ್‌ಗೆ ತಿಳಿಸಬೇಕು. ಚಂದಾ ಅಂಟಿಕೊಳ್ಳುವುದು ನಿಮ್ಮ ಹೆಸರಿಗಲ್ಲ, ನಂಬರಿಗೆ. ಹಾಗಾಗಿ ಇಮೇಲ್‌ನಿಂದಲೋ ಎರಡನೇ ಸಿಮ್‌ನ ನಂಬರಿನಿಂದಲೋ ಆ್ಯಪ್ ತೆರೆದಿದ್ದರೆ ಪ್ರೀಮಿಯಂ ಕಾಣುವುದಿಲ್ಲ. ಹಳೆಯ ಯೋಜನೆಯ ದಿನಗಳು ಇನ್ನೂ ಉಳಿದಿದ್ದರೆ ಹೊಸ ರೀಚಾರ್ಜ್ ಸರತಿಯಲ್ಲಿ ಕಾಯುತ್ತಿರಬಹುದು. ಕೆಲವು ಯೋಜನೆಗಳಲ್ಲಿ ಮೊಬೈಲ್ ಕಂಪನಿಯ ಆ್ಯಪ್‌ಗೆ ಹೋಗಿ ಚಂದಾವನ್ನು ನಾವೇ ಪಡೆದುಕೊಳ್ಳಬೇಕಾಗುತ್ತದೆ. ಈ ಮೂರನ್ನೂ ನೋಡಿಕೊಂಡ ಮೇಲೂ ಖಾತೆ ಬದಲಾಗದಿದ್ದರೆ ತಪ್ಪು ನಿಮ್ಮ ಕಡೆಯದಲ್ಲ. ಆಗ ಪತ್ರ ಬರೆಯಿರಿ.

ಪತ್ರದಲ್ಲಿ ಬಹಳ ಜನ ಎಡವುವುದು ಒಂದೇ ವಾಕ್ಯದಲ್ಲಿ. ‘ದಯವಿಟ್ಟು ಹಾಡಿನ ಸೇವೆ ಚಾಲೂ ಮಾಡಿ’ ಎಂದು ಬರೆಯುತ್ತಾರೆ. ಟ್ರಾಯ್ 2012ರಲ್ಲಿ ತಂದ ದೂರು ಪರಿಹಾರ ನಿಯಮಗಳು ‘ಸೇವಾ ಕೋರಿಕೆ’ ಮತ್ತು ‘ದೂರು’ ಎರಡನ್ನೂ ಬೇರೆಬೇರೆಯಾಗಿ ನೋಡುತ್ತವೆ. ಮೌಲ್ಯವರ್ಧಿತ ಸೇವೆಯನ್ನು ಚಾಲೂ ಮಾಡಿ ಎಂದು ಕೇಳುವುದು ಕೋರಿಕೆಯ ಸಾಲಿಗೆ ಸೇರುತ್ತದೆ. ಹಣ ಪಡೆದು ಸೇವೆ ಕೊಟ್ಟಿಲ್ಲ ಎನ್ನುವುದು ದೂರು. ದೂರಿಗೆ ಡಾಕೆಟ್ ನಂಬರ್ ಕೊಡಲೇಬೇಕು, ಮತ್ತು ಮೇಲ್ಮನವಿಯ ದಾರಿ ಇರುವುದೂ ದೂರಿಗೇ. ಮಾತು ಮೆತ್ತಗಿದ್ದರೆ ಅಡ್ಡಿಯಿಲ್ಲ, ಆದರೆ ಅದು ದೂರಿನ ಮಾತಾಗಿರಬೇಕು.

ಒಂದು ಮಾದರಿ ನೋಡಿ. ಮೈಸೂರಿನ ಗ್ರಾಹಕಿಯೊಬ್ಬರು ಮಾರ್ಚ್ 3ರಂದು 899 ರೂಪಾಯಿ ಕಟ್ಟಿ 84 ದಿನಗಳ ಯೋಜನೆ ಹಾಕಿಸಿಕೊಂಡರು ಎಂದಿಟ್ಟುಕೊಳ್ಳೋಣ. ಮಾರ್ಚ್ 27ರಂದು ಅವರು ಹೀಗೆ ಬರೆಯಬಹುದು:

‘ಮಾನ್ಯರೆ, ಮೇಲಿನ ನಂಬರಿಗೆ ಮಾರ್ಚ್ 3ರಂದು 899 ರೂಪಾಯಿಯ ರೀಚಾರ್ಜ್ ಮಾಡಿಸಿದ್ದೇನೆ. ಯೋಜನೆಯಲ್ಲಿ ಹಾಡಿನ ಆ್ಯಪ್‌ನ 84 ದಿನಗಳ ಪ್ರೀಮಿಯಂ ಚಂದಾ ಸೇರಿದೆ ಎಂದು ತಿಳಿಸಲಾಗಿತ್ತು. ಇದೇ ನಂಬರಿನ ಒಟಿಪಿ ಬಳಸಿ ಲಾಗಿನ್ ಆಗಿದ್ದರೂ ಇಂದಿನವರೆಗೆ ಖಾತೆ ಉಚಿತ ಎಂದೇ ತೋರಿಸುತ್ತಿದೆ. ಹಣ ಪಡೆದು ಒಪ್ಪಿದ ಸೇವೆ ಕೊಟ್ಟಿಲ್ಲ ಎಂಬುದು ನನ್ನ ದೂರು. ಇದನ್ನು ಸೇವಾ ಕೋರಿಕೆ ಎಂದು ದಾಖಲಿಸದೆ ದೂರೆಂದೇ ದಾಖಲಿಸಿ ಡಾಕೆಟ್ ನಂಬರ್ ಕೊಡಿ. ಚಂದಾ ಚಾಲೂ ಆದ ದಿನದಿಂದ ಪೂರ್ತಿ 84 ದಿನ ಸಿಗಬೇಕು. ಅದು ಆಗದಿದ್ದರೆ ಅಷ್ಟು ದಿನದ ಚಂದಾದ ಬೆಲೆಯನ್ನು ಹಿಂದಿರುಗಿಸಿ.’

ಕೊನೆಯ ಬೇಡಿಕೆಯನ್ನು ಬಿಡಬೇಡಿ. ಅದನ್ನು ಬರೆಯದಿದ್ದರೆ ಚಂದಾ ಚಾಲೂ ಆದರೂ ರೀಚಾರ್ಜ್‌ನ ಅವಧಿಯೊಂದಿಗೇ ಮುಗಿದುಹೋಗಬಹುದು, ಕಳೆದ 24 ದಿನಗಳು ಕಳೆದಂತೆಯೇ. ಪತ್ರದೊಂದಿಗೆ ಹಣ ಕಟ್ಟಿದ ರಸೀದಿ, ಲಾಗಿನ್ ಆದ ನಂಬರ್ ಕಾಣುವಂತೆ ಹಾಡಿನ ಆ್ಯಪ್‌ನ ಖಾತೆ ಪುಟ, ಯೋಜನೆಯ ವಿವರವಿದ್ದ ಪುಟ, ಈ ಮೂರರ ಚಿತ್ರಗಳಿರಲಿ. ಯೋಜನೆಯ ವಿವರವನ್ನು ಕಂಪನಿಗಳು ಆಗಾಗ ಬದಲಿಸುತ್ತವೆ. ಆದ್ದರಿಂದ ಅದರ ಸ್ಕ್ರೀನ್‌ಶಾಟ್ ರೀಚಾರ್ಜ್ ಮಾಡುವಾಗಲೇ ತೆಗೆದಿಟ್ಟುಕೊಂಡವರ ಕೈ ಮೇಲಿರುತ್ತದೆ.

‘ಅದು ಉಚಿತ ಕೊಡುಗೆ, ನಮ್ಮ ಹೊಣೆಯಲ್ಲ’ ಎಂಬ ಉತ್ತರ ಬಂದರೆ ಒಪ್ಪಿಕೊಳ್ಳಬೇಡಿ. ಆ ಸೌಲಭ್ಯವನ್ನು ತೋರಿಸಿಯೇ ಯೋಜನೆ ಮಾರಿದ್ದಾರೆ. ಹಣ ಪಡೆದದ್ದು ಮೊಬೈಲ್ ಕಂಪನಿ, ಒಪ್ಪಂದ ಇರುವುದೂ ಅದರೊಂದಿಗೇ. ಹಾಡಿನ ಕಂಪನಿಯೊಂದಿಗೆ ಮಾತಾಡಿ ಸರಿಪಡಿಸುವುದು ಅವರ ಕೆಲಸ.

ದೂರಿಗೆ ಪರಿಹಾರ ಸಿಗದಿದ್ದರೆ, ಅಥವಾ ಸಿಕ್ಕ ಉತ್ತರ ಸರಿ ಕಾಣದಿದ್ದರೆ, 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ನಂಬರ್ ಹಾಕಿ ಬರೆಯಬೇಕು. ಇದಕ್ಕೆ ಶುಲ್ಕವಿಲ್ಲ. 39 ದಿನಗಳಲ್ಲಿ ಅದು ತೀರ್ಮಾನ ಕೊಡಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ.

ಅಲ್ಲಿಯೂ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಟೆಲಿಕಾಂ ವಿವಾದಗಳು ಗ್ರಾಹಕ ವೇದಿಕೆಗೆ ಬರುವುದಿಲ್ಲ ಎಂದು ಕಂಪನಿಗಳು ಬಹಳ ಕಾಲ ವಾದಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಈಗ 5 ಲಕ್ಷ ರೂಪಾಯಿವರೆಗೆ ಪಾವತಿಸಿದ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ದೂರು ಸಲ್ಲಿಸಲು 2 ವರ್ಷಗಳ ಕಾಲಾವಕಾಶವೂ ಇದೆ.